ಅಡಿಕೆ ಸೋಗೆಯ ಅಂಚಿನಲ್ಲಿ ಉಳಿದ ಬಿಳಿ ಗೆರೆ

ಹೋಮ್‌ಸ್ಟೇ ಮತ್ತು ಹಳೆಯ ಮನೆಗಳ ಫೋಟೋ ತೆಗೆಯುವುದು, ತೆಗೆದದ್ದನ್ನು ಕಂಪ್ಯೂಟರಿನಲ್ಲಿ ತಿದ್ದಿ ಮುದ್ರಣಕ್ಕೆ ಕಳುಹಿಸುವುದು ನನ್ನ ಕೆಲಸ. ತೀರ್ಥಹಳ್ಳಿಯ ಹತ್ತಿರದ ಒಂದು ಹೆಂಚಿನ ಮನೆಯ ಫೋಟೋ ನನಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜುಲೈ ತಿಂಗಳು. ಮಳೆ ಆಗಷ್ಟೇ ನಿಂತಿತ್ತು. ಮುಂದೆ ಒದ್ದೆ ಅಂಗಳ, ಸುಣ್ಣ ಬಳಿದ ಗೋಡೆ, ಮೇಲೆ ಹೆಂಚು, ಅದರ ಹಿಂದೆ ಸಾಲು ಸಾಲು ಅಡಿಕೆ ಮರ. ಆಕಾಶ ಮಾತ್ರ ಮೊಸರಿನ ಹಾಗೆ ಬೆಳ್ಳಗೆ, ಅದರಲ್ಲಿ ಒಂದು ಮೋಡದ ಆಕಾರವೂ ಇಲ್ಲ. ಮನೆಯ ಯಜಮಾನಿಯವರಿಗೆ ಒಳಗೆ ಬಂದೊಡನೆ ಎದುರಾಗುವ ಗೋಡೆಯ ಮೇಲೆ ಆರು ಅಡಿ ಅಗಲದ ಚಿತ್ರ ಬೇಕಿತ್ತು. ಆಕಾಶ ಬದಲಿಸಿ ಕೊಡುವುದಾಗಿ ನಾನು ಒಪ್ಪಿಕೊಂಡೆ.

ಅಡಿಕೆ ಸೋಗೆಯನ್ನು ಫೋಟೋಶಾಪ್‌ನ ಲ್ಯಾಸೊ ಅಥವಾ ಪೆನ್ ಟೂಲ್ ಹಿಡಿದು ಕತ್ತರಿಸಲು ಕೂತರೆ ದಿನ ಕಳೆದರೂ ಮುಗಿಯದು. ಮ್ಯಾಜಿಕ್ ವಾಂಡ್ ಬಳಸಿದರೆ ಎಲೆಯ ತುದಿಗಳು ಹರಿದ ಕಾಗದದಂತೆ ಕಾಣುತ್ತವೆ. ಇಂಥಲ್ಲಿ ಲ್ಯೂಮಿನಾಸಿಟಿ ಮಾಸ್ಕ್ ಬೇಕು, ಅಂದರೆ ಬದಲಾವಣೆ ಎಲ್ಲಿ ಎಷ್ಟು ಕಾಣಬೇಕೆಂದು ಚಿತ್ರದ ಬೆಳಕಿನಿಂದಲೇ ಹೇಳುವ ಕಪ್ಪು ಬಿಳುಪಿನ ಪದರ. ಅಮೆರಿಕದ ಭೂದೃಶ್ಯ ಛಾಯಾಗ್ರಾಹಕ ಟೋನಿ ಕೈಪರ್ ಅವರಿಂದ ಹೆಚ್ಚು ಜನರಿಗೆ ಪರಿಚಯವಾದ ವಿಧಾನ ಇದು. ಇದರಲ್ಲಿ ಆಯ್ಕೆಯ ಗೆರೆಯನ್ನು ನಾವು ಎಳೆಯುವುದಿಲ್ಲ, ಚಿತ್ರದ ಬೆಳಕೇ ಆಯ್ಕೆಯಾಗುತ್ತದೆ. ಪೂರ್ತಿ ಬಿಳಿಯಾದ ಬಿಂದು ಪೂರ್ತಿ ಆಯ್ಕೆಯಾಗುತ್ತದೆ, ಕಪ್ಪಾದದ್ದು ಆಗುವುದೇ ಇಲ್ಲ, ನಡುವಿನ ಬೂದು ತನ್ನ ಬೆಳಕಿನಷ್ಟು ಆಗುತ್ತದೆ. ಫೋಟೋಶಾಪ್‌ನಲ್ಲಿ Ctrl+Alt+2 ಒತ್ತಿದರೆ ಈ ಆಯ್ಕೆ ಸಿದ್ಧ. ಅದನ್ನು ಚಾನೆಲ್ ಎಂಬ ಕಪ್ಪು ಬಿಳುಪು ಚಿತ್ರವಾಗಿ ಉಳಿಸಿ, Ctrl, Alt, Shift ಮೂರನ್ನೂ ಹಿಡಿದು ಅದೇ ಚಾನೆಲ್ ಮೇಲೆ ಒತ್ತಿದರೆ ಆಯ್ಕೆ ತನ್ನನ್ನೇ ಗುಣಿಸಿಕೊಳ್ಳುತ್ತದೆ. ಅರ್ಧ ಆಯ್ಕೆಯಾಗಿದ್ದ ಬಿಂದು ಕಾಲು ಭಾಗಕ್ಕೆ ಇಳಿಯುತ್ತದೆ, ಬಹಳ ಬೆಳಗಿದ ಜಾಗ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

ಹೊಸಬರು ಇಲ್ಲಿ ಒಂದು ಕಡೆ ಮೋಸ ಹೋಗುತ್ತಾರೆ. ಪರದೆಯ ಮೇಲೆ ಓಡುವ ಚುಕ್ಕೆಗೆರೆ ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದ ಬಿಂದುಗಳ ಸುತ್ತ ಮಾತ್ರ ಕಾಣುತ್ತದೆ. ಅದರ ಹೊರಗೆ ಏನೂ ಆಯ್ಕೆಯಾಗಿಲ್ಲ ಎಂದುಕೊಳ್ಳಬಾರದು. ಮಾಸ್ಕನ್ನು Alt ಹಿಡಿದು ಒತ್ತಿ, ಅದೊಂದನ್ನೇ ಕಪ್ಪು ಬಿಳುಪಿನಲ್ಲಿ ನೋಡಬೇಕು.

ಆದರೆ ಈ ಚಿತ್ರಕ್ಕೆ Ctrl+Alt+2 ಕೊಟ್ಟ ಆಯ್ಕೆ ಸಾಲಲಿಲ್ಲ. ಮಳೆಯಲ್ಲಿ ತೊಳೆದ ಸೋಗೆ ಹೊಳೆಯುತ್ತಿತ್ತು, ಹೊಳೆದದ್ದೆಲ್ಲ ಆಕಾಶದ ಜೊತೆ ಸೇರಿಕೊಂಡಿತ್ತು. ಹಾಗಾಗಿ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಹಸಿರು ಎಲೆ ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ನೀಲಿ ಚಾನೆಲ್‌ನಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಕೆಂಪು ಹೆಂಚು ಅಲ್ಲಿ ಇನ್ನೂ ಕಪ್ಪು. ಮೋಡ ಕವಿದ ಆಕಾಶ ಮೂರೂ ಚಾನೆಲ್‌ಗಳಲ್ಲಿ ಬೆಳ್ಳಗಿರುತ್ತದೆ. ಆದ್ದರಿಂದ ಆಕಾಶಕ್ಕೂ ಮರಕ್ಕೂ ಅಂತರ ಹೆಚ್ಚಿರುವುದು ನೀಲಿಯಲ್ಲೇ. ಆ ಚಾನೆಲ್‌ನ ಪ್ರತಿ ಮಾಡಿಕೊಂಡು, ಕಪ್ಪಿಗೆ 0, ಬಿಳಿಗೆ 255 ಎಂಬ ಅಳತೆಯಲ್ಲಿ ಅಳೆದಾಗ ಆಕಾಶ 235ರ ಆಸುಪಾಸಿನಲ್ಲಿತ್ತು, ನೆರಳಿನ ಸೋಗೆ 55, ಹೊಳೆಯುವ ಎಲೆ 160. ಕಪ್ಪು ಬಿಳುಪಿನ ಮಿತಿ ಹೊಂದಿಸುವ ಲೆವೆಲ್ಸ್‌ನಲ್ಲಿ ಕಪ್ಪಿನ ತುದಿಯನ್ನು 70ಕ್ಕೂ ಬಿಳಿಯ ತುದಿಯನ್ನು 220ಕ್ಕೂ ಇಟ್ಟೆ. ಸೋಗೆ ಪೂರ್ತಿ ಕಪ್ಪಾಯಿತು, ಆಕಾಶ ಪೂರ್ತಿ ಬಿಳಿಯಾಯಿತು. ಎಲೆಯ ಹೊಳಪು ತೆಳು ಬೂದಾಗಿ ಉಳಿದಿತ್ತು. ಅದರ ಮೇಲೆ ಬ್ರಷ್ಷನ್ನು ಓವರ್‌ಲೇ ಮೋಡ್‌ಗೆ ಹಾಕಿ, ಕಪ್ಪು ಬಣ್ಣವನ್ನು 25 ಶೇಕಡದಲ್ಲಿ ಆಡಿಸಿದೆ. ಓವರ್‌ಲೇಯಲ್ಲಿ ಕಪ್ಪು ಬಳಿದರೆ ಗಾಢ ಬೂದು ಬೇಗ ಕಪ್ಪಾಗುತ್ತದೆ, ಪೂರ್ತಿ ಬಿಳಿ ಕದಲುವುದಿಲ್ಲ. ಆದ್ದರಿಂದ ಕೈ ಆಕಾಶದ ಮೇಲೆ ಹರಿದರೂ ಭಯವಿಲ್ಲ.

ಗೋಡೆಯೂ ಬೆಳ್ಳಗೆ ಬಂದಿತ್ತು, ಬರಲೇಬೇಕು. ಈ ಮಾಸ್ಕಿಗೆ ಆಕಾಶ ಯಾವುದು, ಸುಣ್ಣ ಯಾವುದು ಎಂದು ತಿಳಿಯದು, ಅದಕ್ಕೆ ಗೊತ್ತಿರುವುದು ಬೆಳಕಿನ ಪ್ರಮಾಣ ಮಾತ್ರ. ನನ್ನ ಅದೃಷ್ಟಕ್ಕೆ ಗೋಡೆ ಮತ್ತು ಆಕಾಶದ ನಡುವೆ ಹೆಂಚಿನ ಮಾಡು ಕಪ್ಪು ಪಟ್ಟಿಯಾಗಿ ಬಂದಿತ್ತು. ಮಾಡಿನ ಕೆಳಗಿದ್ದದ್ದನ್ನೆಲ್ಲ ದೊಡ್ಡ ಬ್ರಷ್ಷಿನಿಂದ ಕಪ್ಪು ಮಾಡಿದೆ, ಅಂಗಳವನ್ನೂ ಸೇರಿಸಿ. ಅಂಗಳದ ಮಾತಿಗೆ ಆಮೇಲೆ ಬರುತ್ತೇನೆ.

ಮಾಸ್ಕ್ ಅಷ್ಟು ಚೆನ್ನಾಗಿ ಬಂದದ್ದು ನೋಡಿ ನನಗೆ ಹೆಮ್ಮೆಯಾಗಿತ್ತು. ಸೋಗೆಯ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಬೂದು ನೀಲಿ ಮೋಡಗಳಿದ್ದ, ನಾನೇ ತೆಗೆದ ಇನ್ನೊಂದು ಆಕಾಶವನ್ನು ಮೇಲೆ ಹಾಕಿ, ಈ ಮಾಸ್ಕ್ ಕೊಟ್ಟೆ. ಪರದೆಗೆ ಹೊಂದುವಷ್ಟು ಕುಗ್ಗಿಸಿ ನೋಡಿದಾಗ ಯಾವ ಕೊರತೆಯೂ ಕಾಣಲಿಲ್ಲ. ಮುದ್ರಣಕ್ಕೆ ಕಳುಹಿಸಿದೆ.

ಗೋಡೆಯ ಮೇಲೆ ಏರಿದ ಚಿತ್ರವನ್ನು ಯಜಮಾನಿಯವರು ಹತ್ತಿರ ಹೋಗಿ ನೋಡಿದರು. "ನೋಡಪ್ಪ, ಸೋಗೆಗೆಲ್ಲ ಯಾರೋ ಅಂಚಿಗೆ ಸುಣ್ಣ ಬಳಿದ ಹಾಗಿದೆ" ಎಂದರು. ಹೌದು. ಪ್ರತಿ ಎಳೆಯ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ. ಆರು ಅಡಿಯ ಅಗಲದಲ್ಲಿ ಅದು ಅಡಗುವ ಹಾಗಿರಲಿಲ್ಲ. ಮುದ್ರಣದ ಖರ್ಚು ನನ್ನ ಮೇಲೆ ಎಂದು ಹೇಳಿ, ಚಿತ್ರವನ್ನು ಇಳಿಸಿಕೊಂಡು ಬಂದೆ.

ಮೊದಲು ನಾನು ಮಾಸ್ಕನ್ನೇ ಅನುಮಾನಿಸಿದೆ. ಲೆವೆಲ್ಸನ್ನು ಇನ್ನಷ್ಟು ಬಿಗಿದು ಬೂದನ್ನು ಪೂರ್ತಿ ತೆಗೆದರೆ ಗೆರೆ ಹೋದೀತೆಂದು ಪ್ರಯತ್ನಿಸಿದಾಗ ಎಲೆಯ ಅಂಚು ಮೆಟ್ಟಿಲು ಮೆಟ್ಟಿಲಾಯಿತು, ತೆಳುವಾದ ತುದಿಗಳು ಮಾಯವಾದವು. ಅಂಚಿನ ಬೂದು ತಪ್ಪಲ್ಲ. ಅಲ್ಲಿನ ಒಂದೊಂದು ಬಿಂದುವಿನಲ್ಲೂ ಸ್ವಲ್ಪ ಎಲೆ, ಸ್ವಲ್ಪ ಆಕಾಶ ಬೆರೆತಿರುತ್ತದೆ. ಮಾಸ್ಕ್ ಅದನ್ನು ಅರ್ಧ ಆಯ್ಕೆ ಮಾಡಿದ್ದು ಸರಿಯೇ.

ಹಾಗಾದರೆ ಗೆರೆ ಬಂದದ್ದೆಲ್ಲಿಂದ? ಕಾಗದ ತೆಗೆದುಕೊಂಡು ಒಂದು ಬಿಂದುವಿನ ಲೆಕ್ಕ ಹಾಕಿದಾಗ ಗೊತ್ತಾಯಿತು. 55ರ ಎಲೆ, 235ರ ಹಳೆಯ ಆಕಾಶ ಅರ್ಧರ್ಧ ಬೆರೆತ ಅಂಚಿನ ಬಿಂದು ಸುಮಾರು 145 ಇರುತ್ತದೆ. ನನ್ನ ಹೊಸ ಆಕಾಶ 150. ಹೊಸ ಆಕಾಶದ ಎದುರು ಅದೇ ಎಲೆಯನ್ನು ನಿಜವಾಗಿ ತೆಗೆದಿದ್ದರೆ ಆ ಬಿಂದು 55 ಮತ್ತು 150ರ ನಡುವೆ, ಅಂದರೆ ಸುಮಾರು 102 ಇರಬೇಕಿತ್ತು. ನಾರ್ಮಲ್ ಮೋಡ್‌ನಲ್ಲಿ ಅರ್ಧ ಮಾಸ್ಕಿನ ಮೂಲಕ ಹಾಕಿದಾಗ ಆಗುವುದು 145 ಮತ್ತು 150ರ ಸರಾಸರಿ, ಸುಮಾರು 147. ಇರಬೇಕಾದ್ದಕ್ಕಿಂತ 45 ಹೆಚ್ಚು ಬೆಳಕು! ಹಳೆಯ ಬಿಳಿ ಆಕಾಶ ಆ ಬಿಂದುವಿನ ಒಳಗೇ ಕರಗಿ ಕೂತಿತ್ತು. ಮಾಸ್ಕ್ ಎಷ್ಟು ಕರಾರುವಾಕ್ಕಾಗಿದ್ದರೂ ಅದನ್ನು ಹೊರಗೆ ತೆಗೆಯಲಾರದು, ಏಕೆಂದರೆ ಎಲ್ಲಿ ಎಷ್ಟು ಎಂದು ಹೇಳುವುದಷ್ಟೇ ಮಾಸ್ಕಿನ ಕೆಲಸ.

ಪರಿಹಾರ ಮಲ್ಟಿಪ್ಲೈ ಮೋಡ್‌ನಲ್ಲಿತ್ತು, ಅಂದರೆ ಮೇಲಿನ ಮತ್ತು ಕೆಳಗಿನ ಪದರಗಳ ಬೆಳಕನ್ನು ಗುಣಿಸುವ ವಿಧಾನದಲ್ಲಿ. ಹಳೆಯ ಆಕಾಶ ಹೆಚ್ಚುಕಡಿಮೆ ಬಿಳಿಯಾಗಿದ್ದಾಗ ಅದನ್ನು ಹೊಸ ಆಕಾಶದಿಂದ ಗುಣಿಸಿದರೆ ಹೊಸ ಆಕಾಶವೇ ಉಳಿಯುತ್ತದೆ, ಏಕೆಂದರೆ ಬಿಳಿ ಇಲ್ಲಿ ಒಂದಕ್ಕೆ ಸಮ. ಅಂಚಿನ ಅದೇ ಬಿಂದು 145 ಗುಣಿಸು 150, ಭಾಗಿಸು 255, ಅಂದರೆ 85 ಆಗುತ್ತದೆ. ಅದು ಬೇಕಾದ್ದಕ್ಕಿಂತ ತುಸು ಗಾಢ. ಅರ್ಧ ಮಾಸ್ಕಿನ ಮೂಲಕ ಹಾಯಿಸಿದರೆ 145 ಮತ್ತು 85ರ ನಡುವೆ, 115. ಮಾಸ್ಕಿನ ಬೂದನ್ನು, ಬೆಳಕು ಏರಿಳಿಸುವ ಕರ್ವ್ಸ್‌ನಲ್ಲಿ ಸ್ವಲ್ಪ ಮೇಲೆತ್ತಿದಾಗ ಅದು 102ರ ಹತ್ತಿರಕ್ಕೆ ಇಳಿಯಿತು. ಗೆರೆ ಹೋಯಿತು, ತುದಿಗಳು ಉಳಿದವು. ಹಳೆಯ ಆಕಾಶ 255 ಆಗಿರದೆ 235 ಇದ್ದುದರಿಂದ ಹೊಸ ಆಕಾಶ ಸ್ವಲ್ಪ ಮಂಕಾಯಿತು, 150 ಇದ್ದದ್ದು 138ಕ್ಕೆ ಇಳಿದಿತ್ತು. ಆ ಲೇಯರ್ ಒಂದನ್ನೇ ಅಷ್ಟು ಬೆಳಗಿಸಿದೆ.

ಮಲ್ಟಿಪ್ಲೈ ಎಲ್ಲೆಡೆಯೂ ನಡೆಯುವುದಿಲ್ಲ. ಹಳೆಯ ಆಕಾಶ ನೀಲಿಯಾಗಿದ್ದರೆ ಎರಡು ಬಣ್ಣ ಗುಣಿಸಿಕೊಂಡು ಕೊಳೆಯಾಗುತ್ತವೆ. ಹಳೆಯದಕ್ಕಿಂತ ಬೆಳಗಿದ ಆಕಾಶ ಬೇಕೆಂದರೂ ಆಗದು, ಗುಣಿಸಿದ್ದು ಗಾಢವಾಗುತ್ತದೆಯೇ ಹೊರತು ಬೆಳಗುವುದಿಲ್ಲ. ಮಲೆನಾಡಿನ ಮಳೆಗಾಲದ ಬಿಳಿ ಆಕಾಶಕ್ಕೆ ಮಾತ್ರ ಇದು ಹೇಳಿ ಮಾಡಿಸಿದ ಹಾಗಿದೆ. ಇನ್ನು ಕ್ಯಾಮೆರಾದ ಕಚ್ಚಾ ಫೈಲಿನಲ್ಲಿ ಮೋಡದ ವಿವರ ಉಳಿದಿದ್ದರೆ ನಾನು ಆಕಾಶವನ್ನು ಬದಲಿಸಲು ಹೋಗುವುದೇ ಇಲ್ಲ. ಅದೇ ಮಾಸ್ಕನ್ನು ಕರ್ವ್ಸ್ ಲೇಯರಿಗೆ ಕೊಟ್ಟು ಬೆಳಕನ್ನು ಇಳಿಸುತ್ತೇನೆ. ಮೂರೂ ಬಣ್ಣಗಳು 255ರಲ್ಲಿ ನಿಂತುಬಿಟ್ಟ ಜಾಗದಲ್ಲಿ ಇಳಿಸಲು ಏನೂ ಇರುವುದಿಲ್ಲ, ಬರುವುದು ಬರೀ ಬೂದಿ ಬಣ್ಣ.

ಎರಡನೆಯ ಬಾರಿ ಮುದ್ರಿಸುವ ಮುನ್ನ ಚಿತ್ರವನ್ನು 100 ಶೇಕಡದಲ್ಲಿ ಎಡದಿಂದ ಬಲಕ್ಕೆ ಇಂಚಿಂಚಾಗಿ ಸರಿಸುತ್ತಾ ನೋಡಿದೆ. ಅಂಚುಗಳೆಲ್ಲ ಸರಿಯಿದ್ದವು. ಆದರೂ ಇಡೀ ಚಿತ್ರ ನೋಡಿದಾಗ ಮನಸ್ಸು ಒಪ್ಪಲಿಲ್ಲ, ಮೇಲಿನದೂ ಕೆಳಗಿನದೂ ಬೇರೆ ಬೇರೆ ದಿನದ್ದೆನ್ನಿಸಿತು. ಸುಮಾರು ಹೊತ್ತಿನ ಮೇಲೆ ಕಣ್ಣು ಅಂಗಳದ ನೀರಿನ ಮೇಲೆ ನಿಂತಿತು. ಮೇಲೆ ಬೂದು ನೀಲಿ ಮೋಡ, ಕೆಳಗೆ ನಿಂತ ನೀರಿನಲ್ಲಿ ಇನ್ನೂ ಹಳೆಯ ಬಿಳಿ ಆಕಾಶದ ಪ್ರತಿಬಿಂಬ. ಮಾಸ್ಕ್ ಮೊದಲೇ ಆ ನೀರನ್ನೂ ಆಯ್ದುಕೊಟ್ಟಿತ್ತು. ಅದನ್ನು ಗೋಡೆಯ ಜೊತೆಗೇ ಕಪ್ಪು ಬಳಿದು ಅಳಿಸಿದವನು ನಾನು.

ನೀಲಿ ಚಾನೆಲ್‌ನ ಪ್ರತಿಯನ್ನು ಇನ್ನೊಮ್ಮೆ ತೆಗೆದು, ಈ ಸಲ ಅಂಗಳವನ್ನು ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಕಪ್ಪು ಮಾಡಿದೆ. ಹೊಸ ಆಕಾಶದಿಂದಲೇ ಎತ್ತಿಕೊಂಡ ಒಂದು ಬೂದು ನೀಲಿ ಬಣ್ಣವನ್ನು ಆ ಮಾಸ್ಕಿನ ಮೂಲಕ ಮಲ್ಟಿಪ್ಲೈಯಲ್ಲಿ ಹಾಕಿ, ಒಪ್ಯಾಸಿಟಿಯನ್ನು ಹತ್ತರಿಂದ ಮೇಲೇರಿಸುತ್ತಾ ಹೋದೆ. 35ಕ್ಕೆ ಬಂದಾಗ ಅಂಗಳದ ನೀರು ಮೇಲಿನ ಆಕಾಶದ್ದೇ ಆಯಿತು. ಹೊಸ ಪ್ರತಿಯನ್ನು ತೂಗು ಹಾಕಿದ ದಿನ ಯಜಮಾನಿಯವರು ಸೋಗೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಅಂಗಳದ ನೀರನ್ನು ತೋರಿಸಿ, "ಈಗ ಮಳೆ ಮತ್ತೆ ಬರುವ ಹಾಗಿದೆ" ಎಂದರು.