ಹೋಳಿಗೆ ಸ್ಕ್ರಿಪ್ಟ್ ಅಪ್‌ಡೇಟ್: ಎರಡನೇ ಗ್ಯಾಗ್ ಕೊನೆಗೂ ಕೂತ್ಕೊಂತು

ಮಾತಿಲ್ಲದ ಆರು ನಿಮಿಷದ ಕಾಮಿಡಿ. ಮದುವೆ ಊಟದ ಪಂಕ್ತಿ, ಹೋಳಿಗೆಗೆ ಕಾಯ್ತಾ ಕೂತಿರೋ ಒಬ್ಬ, ಅಷ್ಟೇ ಕಥೆ. ಮಿಕ್ಕಿದ್ದೆಲ್ಲಾ ಸಲೀಸಾಗಿ ಬಂತು, ತಲೆ ತಿಂದಿದ್ದು ಎರಡನೇ ಗ್ಯಾಗ್.

ಮೊದಲನೇದ್ರಲ್ಲಿ ಪಕ್ಕದೋರು ಎಲೆ ಮೇಲೆ ಅಂಗೈ ಅಡ್ಡ ಹಿಡೀತಾರೆ, ಬಡಿಸೋನು ಮುಂದಕ್ಕೆ ಹೋಗ್ತಾನೆ. ಅದು ನಗಿಸೋಕಲ್ಲ, ಈ ಬಡಿಸೋನು ಬಗ್ಗಿದ್ರೆ ಎಲೆ, ಕೈ ಬಿಟ್ಟು ಯಾರ ಮುಖಾನೂ ನೋಡಲ್ಲ ಅಂತ ನೋಡೋರಿಗೆ ಗೊತ್ತು ಮಾಡೋಕೆ. ಎರಡನೇದ್ರಲ್ಲಿ ಮೊದಲು ಬರ್ದಿದ್ದು ಹೀಗೆ: ಹೀರೋ ದೂರದ ನೆಂಟರಿಗೆ ಕೈ ಬೀಸ್ತಾನೆ, ಬಡಿಸೋನು ಬೇಡ ಅಂದ್ಕೊಂಡು ದಾಟಿ ಹೋಗ್ತಾನೆ. ಓದೋಕೆ ಸೂಪರ್, ಮನೇಲಿ ಚಾಪೆ ಹಾಸಿ ಆಡಿ ನೋಡಿದ್ರೆ ಒಬ್ರೂ ನಗಲ್ಲ! ಯಾಕಂದ್ರೆ ಬೀಸೋ ಕೈ ತಲೆ ಹತ್ರ ನೆಟ್ಟಗಿರುತ್ತೆ, ಬೇಡ ಅನ್ನೋ ಕೈ ಎಲೆ ಮೇಲೆ ಅಂಗೈ ಕೆಳಗಾಗಿರುತ್ತೆ, ಅವೆರಡನ್ನೂ ಒಂದೇ ಅಂದ್ಕೊಳ್ಳೋ ಬಡಿಸೋನು ಬರೀ ದಡ್ಡ ಅನ್ನಿಸ್ತಾನೆ, ಅವನ ಲೆಕ್ಕದಲ್ಲಿ ಅವನು ಸರಿ ಇರ್ಲೇಬೇಕು.

ಕೊನೆಗೆ ಸಿಕ್ಕಿದ್ದು ಎದುರು ಸಾಲಿನ ಅಜ್ಜಿ. ಇವನನ್ನ ಮಾತಾಡ್ಸೋಕೆ ಊಟದ ಮಧ್ಯೆ ಏಳೋಕೆ ಹೋಗ್ತಾರೆ, ಇವನು ಗಾಬರಿಯಾಗಿ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಅಂಗೈ ಕೆಳಗೆ ಮಾಡಿ ಗಾಳೀಲಿ ಎರಡು ಸಲ ತಟ್ತಾನೆ, ಸರಿಯಾಗಿ ಎಲೆ ಮೇಲೆ. ಅದೇ ಸನ್ನೆ, ಎರಡು ಅರ್ಥ. ಅಜ್ಜಿ ಕೂರ್ತಾರೆ, ಹೋಳಿಗೆ ಹೋಗುತ್ತೆ.

ಅಜ್ಜಿಗೆ ಬೇರೆ ಕ್ಲೋಸಪ್ ಇಟ್ಟಿದ್ದೆ, ಕಿತ್ತಾಕ್ದೆ. ಅಲ್ಲಿಗೆ ಕಟ್ ಮಾಡಿದ್ರೆ ಬಡಿಸೋನು ಎಲ್ಲಿದಾನೆ ಅನ್ನೋದು ನೋಡೋರ ಕೈ ತಪ್ಪುತ್ತೆ. 1895ರ ಲೂಮಿಯೇರ್ ತೋಟದ ಪೈಪ್ ಫಿಲ್ಮ್ ನೆನಪಿದ್ಯಲ್ಲ, ಹುಡುಗ ಪೈಪ್ ತುಳಿಯೋದು, ಮಾಲಿ ಪೈಪಿನ ಬಾಯೊಳಗೆ ಇಣುಕೋದು, ಎರಡೂ ಒಂದೇ ಫ್ರೇಮಲ್ಲಿ. ನಂದೂ ಹಾಗೇ, ಕ್ಯಾಮೆರಾ ಅಜ್ಜಿ ಭುಜದ ಹಿಂದೆ, ಕಟ್ ಇಲ್ಲ. ಟೈಮಿಂಗ್ ಸ್ಕ್ರಿಪ್ಟಲ್ಲೇ ಬರ್ದಿದೀನಿ: ಕೈ ಮೊದಲು ಬರ್ಬೇಕು, ಅರ್ಧ ಸೆಕೆಂಡ್ ಅಂದ್ರೆ 12 ಫ್ರೇಮ್ ಆದ್ಮೇಲೆ ಹೋಳಿಗೆ ತಟ್ಟೆ. ಒಟ್ಟಿಗೇ ಬಂದ್ರೆ ಕಣ್ಣು ಯಾವ್ದನ್ನ ನೋಡ್ಬೇಕು ಗೊತ್ತಾಗಲ್ಲ, ತೀರಾ ತಡ ಆದ್ರೆ ಮುಂದೇನಾಗುತ್ತೆ ಅಂತ ಎಲ್ರೂ ಊಹಿಸಿಬಿಡ್ತಾರೆ.

ಇದು ಕೂತಿದ್ದೇ ತಡ ಮೂರನೇದು ತಾನಾಗೇ ಬಂತು. ಹುಷಾರಾದ ಹೀರೋ ಎರಡೂ ಕೈ ತೊಡೆ ಕೆಳಗೆ ತುರುಕ್ತಾನೆ, ಎಂಜಲು ಕೈನೂ, ಬಿಳಿ ಪಂಚೆ ಹೋದ್ರೆ ಹೋಗ್ಲಿ ಅಂತ. ಈಗ ಬಡಿಸೋನು ನಿಲ್ಲಿಸೋದೇ ಇಲ್ಲ, ಸಾಕು ಅನ್ನೋಕೆ ಕೈ ಬೇಕಲ್ಲ! ತಲೆ ಎಷ್ಟು ಆಡಿಸಿದ್ರೂ ಅವನು ಮುಖ ನೋಡಲ್ವಲ್ಲ.

ಪ್ರಾಪ್ ಗೋಳು ಬೇರೆ. ಅಂಗಡಿ ಹೋಳಿಗೆ ಹಪ್ಪಳದ ಥರ ಗರಿಗರಿ, ಒಂದರ ಮೇಲೊಂದು ಇಟ್ರೆ ಮುರಿಯುತ್ತೆ. ಎಲೆ ಕೊಟ್ಟೋನು ಅರ್ಧ ಕಟ್ಟು ಹರಿದಿದ್ದೇ ತುಂಬಿದ್ದ. ಸದ್ಯಕ್ಕೆ ಅರಿಶಿನ ಹಾಕಿದ ಮೆತ್ತನೆ ಚಪಾತಿನೇ ಹೋಳಿಗೆ, ದೂರಕ್ಕೆ ಯಾರಿಗೂ ಗೊತ್ತಾಗಲ್ಲ.

ಮುಂದಿನದು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್, ಇಬ್ಬರ ಟೋಕನ್ ಅದಲು ಬದಲು. ಹಳೇ ಹಿತ್ತಾಳೆ ಟೋಕನ್ ಎಲ್ಲಿ ಸಿಗುತ್ತೆ ಅಂತ ಯಾರಿಗಾದ್ರೂ ಗೊತ್ತಿದ್ರೆ ಹೇಳಿ.