ತೆಗೆದ ಚಿತ್ರ, ತೆಗೆದ ಕಂಬ

ಜುಲೈ ಮೂರನೇ ವಾರದ ಶನಿವಾರ. ಹಿಂದಿನ ರಾತ್ರಿಯ ಗಾಳಿಗೆ ಎಲ್ಲೋ ಲೈನ್ ಮೇಲೆ ಮರ ಬಿದ್ದು ನಮ್ಮ ಕಡೆ ಕರೆಂಟಿರಲಿಲ್ಲ. ಹಾಗಾಗಿ ಸ್ಟಾಫ್ ರೂಮಿನ ಮೇಜನ್ನೇ ಎತ್ತಿ ಕಿಟಕಿ ಹತ್ತಿರ ತಂದು, ಅದರ ಮೇಲೆ ಮಕ್ಕಳ ಫೋಟೋ ಹರಡಿಕೊಂಡು ಕೂತಿದ್ದೆವು. ನಾನು ಡ್ರಾಯಿಂಗ್ ಮೇಷ್ಟ್ರು, ಜೊತೆಗೆ ಕನ್ನಡ ಮೇಷ್ಟ್ರು, ಮತ್ತೆ ತೀರ್ಥಹಳ್ಳಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ನನ್ನ ಸ್ನೇಹಿತ. 'ನಮ್ಮೂರ ಮಳೆ' ಅಂತ ಸ್ಪರ್ಧೆಗೆ ಹೆಸರು. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ. ಮನೆಯವರ ಫೋನಲ್ಲಿ ತೆಗೆದರೂ ಸರಿ, ಆದರೆ 'ಚಿತ್ರ ನೀವೇ ತೆಗೆದದ್ದಾಗಿರಬೇಕು' ಅಂತ ನೋಟೀಸಿನಲ್ಲಿ ಬರೆದಿದ್ದೆ. ನಿಯಮ ಅಂತ ಇದ್ದದ್ದು ಅದೊಂದೇ ಸಾಲು.

ಕೊನೆಯ ಹತ್ತನ್ನು ಆರಿಸಿ ಎ-ಫೋರ್ ಅಳತೆಯಲ್ಲಿ ಪ್ರಿಂಟ್ ಹಾಕಿಸಿದ್ದೆವು. ಅದರಲ್ಲಿ ಒಂದನ್ನು ನೋಡಿದ ಕೂಡಲೇ ಕನ್ನಡ ಮೇಷ್ಟ್ರು, 'ಇದಕ್ಕೇ ಫಸ್ಟು, ಮುಗೀತು' ಅಂದರು. ನಾಟಿಗೆ ಹದ ಮಾಡಿದ ಗದ್ದೆ. ಮಳೆ ಹೊಳವಾದ ಹೊತ್ತು, ನೀರು ಕನ್ನಡಿಯ ಹಾಗೆ ನಿಂತಿದೆ. ಅಂಚಿನ ಮೇಲೆ ಕಂಬಳಿ ಕೊಪ್ಪೆ ಹಾಕಿದ ಅಜ್ಜ, ಹಿಂದೆ ಗುಡ್ಡಕ್ಕೆ ಇಳಿಬಿದ್ದ ಮೋಡ, ಬಲಗಡೆ ಒಂದೇ ಒಂದು ಬೆಳ್ಳಕ್ಕಿ. ಒಂಬತ್ತನೇ ಕ್ಲಾಸಿನ ಹುಡುಗಿಯ ಚಿತ್ರ. ನಾನೂ ತಲೆಯಾಡಿಸಿದೆ.

ಸ್ಟುಡಿಯೋದವನು ಮಾತ್ರ ಏನೂ ಹೇಳದೆ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದ. ಆಮೇಲೆ ನೀರಿನ ಮೇಲೆ ಬೆರಳಿಟ್ಟು, 'ಇದೆಂಥದು ಮಾರಾಯ್ರೆ?' ಅಂದ. ಅಜ್ಜನ ಎಡಕ್ಕೆ ನೀರಿನಲ್ಲಿ ಉದ್ದಕ್ಕೊಂದು ಕಪ್ಪು ಗೆರೆ, ಅಲ್ಲಲ್ಲಿ ಅಲುಗಿದ ಹಾಗೆ ಮುರಿದಿದೆ. ನಾನು ಕೆಸರಿನ ಗೆರೆ ಅಂದುಕೊಂಡಿದ್ದೆ. 'ಕೆಸರಲ್ಲ, ಲೈಟು ಕಂಬದ ಬಿಂಬ. ಹಾಗಾದ್ರೆ ಕಂಬ ಎಲ್ಲಿ?' ಅಂಚಿನ ಮೇಲೆ ಕಂಬ ಇರಬೇಕಾದ ಜಾಗದಲ್ಲಿ ಬರೀ ಮೋಡ. ಬೆರಳು ಬಲಕ್ಕೆ ಹೋಯಿತು. 'ಇಲ್ಲಿ ತಿರುಗಾಮುರುಗ. ಬೆಳ್ಳಕ್ಕಿ ಇದೆ, ನೀರಲ್ಲಿ ಅದರ ಬಿಂಬ ಇಲ್ಲ. ಅಜ್ಜನ ಬಿಂಬ ಇಷ್ಟು ಚೊಕ್ಕ ಬಿದ್ದಿರೋವಾಗ ಬಿಳಿ ಹಕ್ಕಿದು ಬೀಳದೇ ಇರುತ್ತಾ?'

ಒಂದು ಸಲ ಕಂಡ ಮೇಲೆ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಅವನಿಗೆ ಇದು ದಿನದ ಕೆಲಸ. ಮದುವೆಗೆ ಮುಂಚಿನ ಫೋಟೋ ಶೂಟ್‌ಗಳಲ್ಲಿ ಜೋಡಿಯ ಹಿಂದಿನ ತಂತಿ, ಕಸದ ಬುಟ್ಟಿ, ಪಕ್ಕದ ಮನೆ ನಾಯಿ ಎಲ್ಲವನ್ನೂ ಅಳಿಸಿಯೇ ಆಲ್ಬಂ ಮಾಡುತ್ತಾನೆ. ಅಳಿಸುವವರೆಲ್ಲ ವಸ್ತುವನ್ನು ಅಳಿಸಿ, ಅದು ಬೇರೆ ಕಡೆ ಬಿಟ್ಟ ಗುರುತನ್ನು ಮರೆಯುತ್ತಾರೆ ಅಂದ. ನೆರಳು, ಬಿಂಬ, ಒದ್ದೆ ನೆಲದ ಹೊಳಪು. ತಾನೂ ಒಮ್ಮೆ ಮರೆತು ವಧುವಿನ ತಂದೆಯಿಂದ ಬೈಸಿಕೊಂಡಿದ್ದನಂತೆ.

ಹುಡುಗಿಯನ್ನು ಕರೆಸಿದೆ. 'ಇಲ್ಲಿ ಕಂಬ ಇತ್ತಾ?' ಅಂತ ಕೇಳಿದೆ. 'ಹೂಂ ಸರ್, ತೆಗ್ದೆ' ಅಂದಳು, ಹೋಂವರ್ಕ್ ಮಾಡಿದೆ ಅನ್ನುವಷ್ಟೇ ಸಲೀಸಾಗಿ. ನನ್ನ ನೋಟೀಸಿನಲ್ಲೂ ಇದ್ದದ್ದು ಅದೇ ಕ್ರಿಯಾಪದ. ಚಿತ್ರವನ್ನು ತೆಗೆದವಳೂ ಅವಳೇ, ಕಂಬವನ್ನು ತೆಗೆದವಳೂ ಅವಳೇ. ಕನ್ನಡ ಮೇಷ್ಟ್ರು ಆ ಗಳಿಗೆಯಲ್ಲೂ ಮೀಸೆಯಲ್ಲೇ ನಕ್ಕರು.

'ಬೆಳ್ಳಕ್ಕಿ?'

'ಅದು ನಿಜವಾಗ್ಲೂ ಇತ್ತು ಸರ್. ಅಜ್ಜ ಅಂಚಿಗೆ ಬರೋಷ್ಟರಲ್ಲಿ ಹಾರಿಹೋಯ್ತು. ಮೊದ್ಲಿನ ಫೋಟೋದಲ್ಲಿ ಇದೆ ನೋಡಿ.' ಅಪ್ಪನ ಫೋನ್ ತಂದಿದ್ದಳು. ತೋರಿಸಿದಳು. ಸಂಜೆ 5 ಗಂಟೆ 42 ನಿಮಿಷದ ಚಿತ್ರದಲ್ಲಿ ಬೆಳ್ಳಕ್ಕಿ ಇದೆ, ಅಜ್ಜ ಇಲ್ಲ. 5:47ರದ್ದರಲ್ಲಿ ಅಜ್ಜ ಇದ್ದಾರೆ, ಬೆಳ್ಳಕ್ಕಿ ಇಲ್ಲ, ಕಂಬ ಮಾತ್ರ ಎರಡರಲ್ಲೂ ಇದೆ. ಮೊದಲನೆಯದರಲ್ಲಿ ಹಕ್ಕಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಕತ್ತರಿಸಿ ಎರಡನೆಯದರಲ್ಲಿ ಅಂಟಿಸಿದ್ದಾಳೆ. ಕಂಬದ ಸುತ್ತ ಗೆರೆ ಎಳೆದಿದ್ದಾಳೆ, ಫೋನೇ ಅದನ್ನು ನುಂಗಿ ಅಲ್ಲಿಗೆ ಮೋಡ ತುಂಬಿದೆ. ಬೆಳಕು ಒಂದೇ ಸಂಜೆಯದು, ಬರುವ ದಿಕ್ಕೂ ಒಂದೇ. ಅದಕ್ಕೇ ನಮಗೆ ಏನೂ ಅನುಮಾನ ಬರಲಿಲ್ಲ.

'ತಪ್ಪಾ ಸರ್? ಎಡಿಟ್ ಮಾಡಬಾರದು ಅಂತ ನೀವು ಹೇಳಿರಲಿಲ್ಲ.'

ನಿಜ, ಹೇಳಿರಲಿಲ್ಲ. ಬರೆಯದ ನಿಯಮಕ್ಕೆ ಮಗುವನ್ನು ಹೊರಗೆ ಹಾಕುವುದು ನನ್ನ ಕೈಲಿ ಆಗುವ ಕೆಲಸವಲ್ಲ. ಹಾಗಂತ ಕಂಬವನ್ನು ಇದ್ದ ಹಾಗೇ ಬಿಟ್ಟು, ಅದರ ಅಂದಗೇಡಿತನದ ಜೊತೆ ಗುದ್ದಾಡಿ ಫೋಟೋ ತೆಗೆದ ಉಳಿದ ಮಕ್ಕಳ ಪಕ್ಕದಲ್ಲಿ ಇದನ್ನು ಇಟ್ಟು ತೂಗುವುದೂ ಸರಿಯಲ್ಲ. ಫಲಿತಾಂಶವನ್ನು ಒಂದು ವಾರ ಮುಂದಕ್ಕೆ ಹಾಕಿ, ಅವತ್ತು ರಾತ್ರಿ ಎಮರ್ಜೆನ್ಸಿ ಲ್ಯಾಂಪಿನ ಬೆಳಕಲ್ಲಿ ಮಕ್ಕಳಿಗೆ ಪತ್ರ ಬರೆಯಲು ಕೂತೆ.

ಮೊದಲ ಕರಡು 'ಪ್ರಾಮಾಣಿಕತೆ' ಅಂತ ಶುರುವಾಯಿತು. ಓದಿದರೆ ನನಗೇ ಆಕಳಿಕೆ ಬಂತು, ಹರಿದು ಹಾಕಿದೆ. ಎರಡನೆಯ ಸಲ ಹೀಗೆ ಬರೆದೆ:

'ಮಕ್ಕಳೇ, ನಿಮ್ಮ ಚಿತ್ರದಲ್ಲಿ ಏನೇನಿತ್ತೋ ಅದರಲ್ಲಿ ಯಾವುದನ್ನಾದರೂ ಅಳಿಸಿದ್ದರೆ ಬರೆಯಿರಿ. ಇಲ್ಲದ್ದನ್ನು ಸೇರಿಸಿದ್ದರೆ ಬರೆಯಿರಿ. ಎಷ್ಟು ಸಣ್ಣದಾದರೂ ಬರೆಯಿರಿ. ಬೆಳಕು ಹೆಚ್ಚು ಕಡಿಮೆ ಮಾಡಿದ್ದು, ಕಪ್ಪು-ಬಿಳುಪು ಮಾಡಿದ್ದು, ಓರೆಯಾಗಿದ್ದನ್ನು ನೇರ ಮಾಡಿದ್ದು, ಅಂಚು ಕತ್ತರಿಸಿದ್ದು ಬರೆಯಬೇಕಾಗಿಲ್ಲ.'

ಇಲ್ಲಿಗೆ ನಿಲ್ಲಿಸಿದರೆ ಮಕ್ಕಳು ಕೇಳುವ ಪ್ರಶ್ನೆ ಗೊತ್ತಿತ್ತು. ಅಂಚು ಕತ್ತರಿಸಿದರೂ ವಸ್ತು ಹೋಗುತ್ತದಲ್ಲ ಸರ್, ಅದು ಯಾಕೆ ಪರವಾಗಿಲ್ಲ? ಮಂಡಗದ್ದೆಯಲ್ಲಿ ಹಕ್ಕಿ ಫೋಟೋ ತೆಗೆದ ಹುಡುಗನೊಬ್ಬ ಕೆಳಗೆ ಅಡ್ಡ ಬಂದ ಕಬ್ಬಿಣದ ಸರಳನ್ನು ಕತ್ತರಿಸಿ ಬಿಟ್ಟಿದ್ದ. ಅದನ್ನೇ ಉದಾಹರಣೆ ಮಾಡಿದೆ. ಅವನ ಚಿತ್ರ ಸಣ್ಣದಾಯಿತು, ಆದರೆ ಉಳಿದ ಚೌಕಟ್ಟಿನೊಳಗೆ ಇರುವ ಪ್ರತಿಯೊಂದೂ ಕ್ಯಾಮೆರಾ ಕಂಡದ್ದೇ. ನಡುವಿನಿಂದ ಕಂಬ ಅಳಿಸಿದಾಗ ಹಾಗಲ್ಲ. ಕಂಬದ ಹಿಂದೆ ಏನಿತ್ತು ಅಂತ ಕ್ಯಾಮೆರಾ ನೋಡಿಯೇ ಇಲ್ಲ. ಅಲ್ಲಿ ತುಂಬಿದ ಮೋಡ ಪಕ್ಕದ ಮೋಡವನ್ನು ನೋಡಿ ಊಹಿಸಿದ್ದು. ಅಂದರೆ ಕಂಬ ತೆಗೆಯುವ ಪ್ರತಿ ಸಲವೂ ಒಂದು ಚೂರು ಸುಳ್ಳು ಮೋಡ ಸೇರಿಸಿದ ಹಾಗೇ.

ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯ 2010ರ ಪ್ರಸಂಗವನ್ನೂ ಬರೆದೆ. ಉಕ್ರೇನಿನ ಸ್ಟೆಪಾನ್ ರುಡಿಕ್ ಎಂಬ ಛಾಯಾಗ್ರಾಹಕ ಬೀದಿ ಕಾಳಗದವರ ಚಿತ್ರ ತೆಗೆದು, ಕೈಗೆ ಪಟ್ಟಿ ಸುತ್ತುತ್ತಿರುವ ಭಾಗವನ್ನಷ್ಟೇ ಉಳಿಸಿಕೊಂಡು ಸುತ್ತಲಿನದನ್ನೆಲ್ಲ ಕತ್ತರಿಸಿದ್ದ. ಕಪ್ಪು-ಬಿಳುಪು ಮಾಡಿದ್ದ. ಅದಕ್ಕೆ ತೀರ್ಪುಗಾರರ ತಕರಾರಿರಲಿಲ್ಲ. ಆದರೆ ಕೈಯ ಹಿಂದೆ ಇಣುಕುತ್ತಿದ್ದ ಯಾರದೋ ಪಾದದ ತುಣುಕನ್ನು ಅಳಿಸಿದ್ದ. ಮೂಲ ಫೈಲ್ ತರಿಸಿ ನೋಡಿದಾಗ ಅದು ಸಿಕ್ಕಿತು, ಬಹುಮಾನ ಹೋಯಿತು. ಚಿತ್ರದ ಬಹುಪಾಲು ಕತ್ತರಿಸಿದ್ದು ನಡೆಯಿತು, ಒಂದು ಪಾದದ ಚೂರು ನಡೆಯಲಿಲ್ಲ.

ಇನ್ನೊಂದು ಮಾತಿಗೆ ಬಹಳ ಹೊತ್ತು ಹಿಡಿಯಿತು. ಕ್ಲಿಕ್ ಮಾಡುವ ಮೊದಲೇ ಸೇರಿಸಿದ್ದು? 2017ರಲ್ಲಿ ಲಂಡನ್ನಿನ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ ಗೆದ್ದ ಒಂದು ಚಿತ್ರದಲ್ಲಿ ಬ್ರೆಜಿಲಿನ ರಾಷ್ಟ್ರೀಯ ಉದ್ಯಾನವೊಂದರ ಹೊಳೆಯುವ ಹುತ್ತದ ಬುಡದಲ್ಲಿ ಇರುವೆಬಾಕ ಪ್ರಾಣಿಯಿತ್ತು. ಅದು ಆ ಉದ್ಯಾನದ ಬಾಗಿಲಲ್ಲಿ ಪ್ರದರ್ಶನಕ್ಕಿಟ್ಟ, ಹೊಟ್ಟು ತುಂಬಿದ ಪ್ರಾಣಿಯೇ ಇರಬೇಕು ಅಂತ ತಜ್ಞರು ಹೋಲಿಸಿ ಹೇಳಿದ ಮೇಲೆ 2018ರಲ್ಲಿ ಬಹುಮಾನ ಹಿಂತೆಗೆದರು. ಛಾಯಾಗ್ರಾಹಕ ಒಪ್ಪಲಿಲ್ಲ. ಅಲ್ಲಿ ದೂರು ಇದ್ದದ್ದು ಕಂಪ್ಯೂಟರಿನ ಕೈಚಳಕದ ಮೇಲಲ್ಲ, ಪ್ರಾಣಿಯನ್ನೇ ತಂದಿಟ್ಟಿದ್ದರ ಮೇಲೆ. ಹಾಗಾಗಿ ನಮ್ಮ ಮಕ್ಕಳಿಗೂ, ಕಪ್ಪೆಯನ್ನು ಹಿಡಿದು ತಂದು ಕೂರಿಸಿದ್ದರೆ, ಗೂಡಿಗೆ ಅಡ್ಡ ಇದ್ದ ಕೊಂಬೆ ಮುರಿದಿದ್ದರೆ ಅದನ್ನೂ ಬರೆಯಿರಿ ಅಂದೆ. ಅಮ್ಮ ಒಣಹಾಕಿದ ಬಟ್ಟೆಯನ್ನು ಹಗ್ಗದಿಂದ ಸರಿಸಿದ್ದರೆ? ಇಲ್ಲಿ ನನಗೇ ಗೊಂದಲ. ಫೋಟೋಗೆ ನಿಲ್ಲುವ ಮುಂಚೆ ತಲೆ ಬಾಚಿಕೊಳ್ಳುವುದಕ್ಕೂ ಅದಕ್ಕೂ ಎಷ್ಟು ದೂರ? ಕೊನೆಗೆ 'ಅನುಮಾನ ಬಂದರೆ ಬರೆದುಬಿಡಿ' ಅಂತ ಹೇಳಿ ಜಾರಿಕೊಂಡೆ.

ಬರೆಯುವ ಬಗೆಗೆ ಮೂರು ವಿಷಯ ಸಾಕು ಅಂದೆ: ಏನು, ಚಿತ್ರದ ಯಾವ ಜಾಗದಲ್ಲಿ, ಯಾಕೆ. 'ಸ್ವಲ್ಪ ಎಡಿಟ್ ಮಾಡಿದ್ದೇನೆ' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಜೊತೆಗೆ ಮೂಲ ಚಿತ್ರವನ್ನೂ ಕೊಡಬೇಕು, ಅದೂ ವಾಟ್ಸಾಪಿನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ. ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಹೊತ್ತಿನ ವಿವರವೂ ಉದುರಿಹೋಗುತ್ತದೆ. ಕೆಲವು ಫೋನ್‌ಗಳಲ್ಲಿ ತಿದ್ದಿದ್ದು ಮೂಲದ ಮೇಲೆಯೇ ಕೂತಿರುತ್ತದೆ. ಮತ್ತೆ ಎಡಿಟ್ ತೆರೆದರೆ ಮೊದಲಿನಂತೆ ಮಾಡುವ ಬಟನ್ ಸಿಗುತ್ತದೆ. ನಾವು ಎರಡನ್ನೂ ಕಂಪ್ಯೂಟರಿನಲ್ಲಿ ಒಂದೇ ಅಳತೆಗೆ ತಂದು, ಬಾಣದ ಕೀ ಒತ್ತಿ ಹಿಂದೆ ಮುಂದೆ ಮಾಡಿ ನೋಡುತ್ತೇವೆ, ಬದಲಾದ ಜಾಗ ತಾನಾಗಿಯೇ ಮಿನುಗುತ್ತದೆ ಅಂತಲೂ ಬರೆದೆ. ಹೆದರಿಸಲಿಕ್ಕಲ್ಲ. ಸರಿ, ಸ್ವಲ್ಪ ಹೆದರಿಸಲಿಕ್ಕೂ.

ಬರೆದುಕೊಟ್ಟವರನ್ನು ಹೊರಗೆ ಹಾಕುವುದಿಲ್ಲ ಅಂತ ಮಾತು ಕೊಟ್ಟು, 'ಕಂಡ ಚಿತ್ರ', 'ಕಟ್ಟಿದ ಚಿತ್ರ' ಅಂತ ಎರಡು ವಿಭಾಗ ಮಾಡಿದೆ. ದೊಡ್ಡ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಬರೆದುಕೊಟ್ಟರೂ ಅಳಿಸಿದ್ದಕ್ಕೆ ಜಾಗವಿರುವುದಿಲ್ಲ ಅಂತ ಸ್ಟುಡಿಯೋದವನು ಎಚ್ಚರಿಸಿದ. ಅದನ್ನೂ ಒಂದು ಸಾಲಲ್ಲಿ ಸೇರಿಸಿದೆ.

ಸೋಮವಾರ ಪ್ರಾರ್ಥನೆ ಆದ ಮೇಲೆ ಪತ್ರ ಓದಿದೆ. ಗುರುವಾರದ ಹೊತ್ತಿಗೆ ಚೀಟಿಗಳು ಬರತೊಡಗಿದವು. ಎಂಟನೇ ಕ್ಲಾಸಿನವನೊಬ್ಬ ಕೆಸುವಿನ ಎಲೆಯ ಫೋಟೋ ಹಿಂದೆ, 'ಹನಿ ಮಳೆಯದಲ್ಲ, ನಾನು ಚಿಮುಕಿಸಿದ್ದು' ಅಂತ ಬರೆದಿದ್ದ. ಜುಲೈ ತಿಂಗಳಲ್ಲಿ, ಆಗುಂಬೆ ಬುಡದಲ್ಲಿ ಮನೆ ಇರುವ ಹುಡುಗ! ಕೇಳಿದರೆ, 'ಮಳೇಲಿ ಫೋನ್ ಹೊರಗೆ ತರಬೇಡ ಅಂದ್ರು ಸರ್ ಮನೇಲಿ' ಅಂದ.

ಆ ಹುಡುಗಿ ಕೊನೆಯ ದಿನದವರೆಗೂ ಬರಲಿಲ್ಲ. ಕಂಬ ಇರುವ ಮೂಲ ಚಿತ್ರವನ್ನೇ ಕೊಡುತ್ತಾಳೆ ಅಂತ ನನ್ನ ಲೆಕ್ಕ. ಶುಕ್ರವಾರ ಸಂಜೆ ಬಂದು ಮೇಜಿನ ಮೇಲಿಟ್ಟದ್ದು ಅದೇ ತಿದ್ದಿದ ಪ್ರಿಂಟು, ಹಿಂದೆ ಪಿನ್ ಮಾಡಿದ ಚೀಟಿ:

'ಅಜ್ಜನ ಎಡಗಡೆ ಇದ್ದ ಲೈಟು ಕಂಬ ತೆಗೆದಿದ್ದೇನೆ, ಚಂದ ಕಾಣಲಿಲ್ಲ. ಬಲಗಡೆ ಬೆಳ್ಳಕ್ಕಿ ಸೇರಿಸಿದ್ದೇನೆ, ಅದು ಐದು ನಿಮಿಷ ಮುಂಚೆ ಅಲ್ಲೇ ಇತ್ತು. ನೀರಿನಲ್ಲಿ ಕಂಬ ಇನ್ನೂ ಇದೆ. ಅದನ್ನು ತೆಗೆಯಬಹುದಿತ್ತು, ತೆಗೆಯಲಿಲ್ಲ.'