ಪೋರ್ಟಲ್‌ನಲ್ಲಿ ಕೆಲಸ ಎಣಿಸಿ ನಾನು ಮಾಡಿದ ತಪ್ಪು

2023ರ ಆಗಸ್ಟ್‌ನ ಒಂದು ಸೋಮವಾರ. ನಾನು ಬೇರೆ ಕಂಪನಿಗಳಿಗೆ ಜನ ಹುಡುಕಿಕೊಡುವ ರಿಕ್ರೂಟರ್. ಕ್ಲೈಂಟ್‌ನಿಂದ ಜೂನಿಯರ್ ಡೇಟಾ ಅನಲಿಸ್ಟ್ ರಿಕ್ವೈರ್‌ಮೆಂಟ್ ಬಂತು. ಎರಡು ಸೀಟು, ಫ್ರೆಶರ್ ಆದರೂ ನಡೆಯುತ್ತದೆ. ಬೆಳಗ್ಗೆ ಹತ್ತೂವರೆಗೆ ಜಾಬ್ ಪೋರ್ಟಲ್‌ಗೆ ಹಾಕಿದೆ. ಊಟ ಮುಗಿಸಿ ಬರುವಷ್ಟರಲ್ಲಿ 400 ಅರ್ಜಿ. ಸಂಜೆ ಐದಕ್ಕೆ 1,140.

ಅಷ್ಟನ್ನು ಯಾರೂ ಓದುವುದಿಲ್ಲ, ಓದಲು ಆಗುವುದೂ ಇಲ್ಲ. 2022 ಮತ್ತು 2023ರ ಪಾಸ್‌ಔಟ್ ಮಾತ್ರ ಎಂದು ಕ್ಲೈಂಟ್ ಮೇಲ್‌ನಲ್ಲೇ ಬರೆದಿದ್ದರು. ಇಯರ್ ಆಫ್ ಪಾಸಿಂಗ್ ಫಿಲ್ಟರ್ ಹಾಕಿದೆ. ಅರ್ಧದಷ್ಟು ಜನ ಒಂದೇ ಕ್ಲಿಕ್‌ಗೆ ಹೋದರು. ಎರಡು ನಿಮಿಷ ಕಳೆದಿರಬೇಕು, ಫೋನ್ ಬಂತು. ದಾವಣಗೆರೆಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯ ಹುಡುಗ.

“ಅಣ್ಣಾ, ನಿಮ್ಮ ಕಂಪನಿಯ ಪೋಸ್ಟ್ ನೋಡಿದೆ. ಅಪ್ಲೈ ಮಾಡಿದ್ದೀನಿ. ನನ್ನ ಪ್ರೊಫೈಲ್ ಬಂತಾ?”

ಫಿಲ್ಟರ್ ತೆಗೆದು ಅವನ ಹೆಸರು ಹುಡುಕಿದೆ. ಬಂದಿತ್ತು. ಮೆಕ್ಯಾನಿಕಲ್, 2020 ಪಾಸ್‌ಔಟ್. ನಾನೇ ಈಗಷ್ಟೇ ಆಚೆ ಹಾಕಿದವರಲ್ಲಿ ಅವನೂ ಒಬ್ಬ. “ಒಂದು ನಿಮಿಷ ಇರಪ್ಪ” ಎಂದು ಹೇಳಿ ಫೋನನ್ನು ಮೇಜಿನ ಮೇಲಿಟ್ಟು ಮ್ಯಾನೇಜರ್ ಹತ್ತಿರ ಹೋದೆ. ಒಬ್ಬನಿಗೆ ಎಕ್ಸೆಪ್ಷನ್ ಕೇಳೋಣವೇ ಎಂದೆ. ಅವರು ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ, “ಸಾವಿರ ಜನ ಇರುವಾಗ ಕ್ಲೈಂಟ್ ಯಾಕೆ ಒಪ್ಪುತ್ತಾರೆ?” ಎಂದರು. ಸರಿಯಾದ ಮಾತೇ. ವಾಪಸ್ ಬಂದು ಫೋನ್ ಎತ್ತಿಕೊಂಡೆ. ಏನು ಹೇಳಬೇಕೆಂದು ತಿಳಿಯಲಿಲ್ಲ. ಅವನನ್ನು ಈ ದಾರಿಗೆ ಹಚ್ಚಿದವನೇ ನಾನು.

2022ರ ಫೆಬ್ರವರಿಯಲ್ಲಿ ಮದುವೆಯೊಂದಕ್ಕೆ ಊರಿಗೆ ಹೋಗಿದ್ದೆ. ಆಗ ಅವನು ಪೀಣ್ಯದ ಒಂದು ಮಷಿನ್ ಶಾಪ್‌ನ ಕ್ವಾಲಿಟಿ ವಿಭಾಗದಲ್ಲಿದ್ದ. ಸಿಎಂಎಂ ಎಂಬ ಅಳತೆ ಯಂತ್ರದ ಮೇಲೆ ಕಾಂಪೊನೆಂಟ್ ಇಟ್ಟು ಅಳತೆ ತೆಗೆಯುವುದು, ರಿಪೋರ್ಟ್ ಮಾಡುವುದು ಅವನ ಕೆಲಸ. ಕೈಗೆ ಹದಿನಾರು ಸಾವಿರ. ಅವನ ಅಮ್ಮ ಊಟದ ಪಂಕ್ತಿಯಲ್ಲೇ ಕೇಳಿದರು, “ನೀನು ಅದೇ ಕೆಲಸದಲ್ಲಿದ್ದೀಯಲ್ಲ, ಇವನಿಗೆ ಯಾವುದು ಒಳ್ಳೆಯದು ಹೇಳಪ್ಪ.” ನಾನು ಫೋನ್ ತೆಗೆದು ಪೋರ್ಟಲ್‌ನಲ್ಲಿ ಡೇಟಾ ಸೈನ್ಸ್ ಎಂದು ಹುಡುಕಿ ತೋರಿಸಿದೆ. ಸಾವಿರಗಟ್ಟಲೆ ಪೋಸ್ಟ್. ಹಿಂದಿನ ವಾರವಷ್ಟೇ ಒಬ್ಬರಿಗೆ 26 ಲಕ್ಷದ ಆಫರ್ ಕೊಡಿಸಿದ್ದೆ, ಅದನ್ನೂ ಹೇಳಿದೆ. ಅವರಿಗೆ ಐದು ವರ್ಷದ ಅನುಭವ ಇತ್ತು ಎಂಬುದನ್ನು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಅದು ಮುಖ್ಯ ಅಂತ ನನಗೇ ಅನ್ನಿಸಿರಲಿಲ್ಲ. ಜೂನ್‌ನಲ್ಲಿ ಅವನು ಕೆಲಸ ಬಿಟ್ಟು, ಸಾಲ ಮಾಡಿ ಒಂಬತ್ತು ತಿಂಗಳ ಕೋರ್ಸ್ ಸೇರಿದ.

ಆ ಸೋಮವಾರ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ತೆಗೆದು 2022ರ ಫೆಬ್ರವರಿಯ ನಮ್ಮ ಡೆಸ್ಕ್‌ನ ಟ್ರ್ಯಾಕರ್, ಅಂದರೆ ಬಂದ ರಿಕ್ವೈರ್‌ಮೆಂಟ್‌ಗಳ ಪಟ್ಟಿ, ಹುಡುಕಿದೆ. ಡೇಟಾ ಎಂಬ ಪದವಿದ್ದ 62 ಸಾಲುಗಳು ಸಿಕ್ಕವು. ಒಂದೊಂದನ್ನೇ ನೋಡುತ್ತಾ ಹೋದೆ.

19 ಸಾಲು ಹಳೆಯ ಸೀಟುಗಳೇ, ಹೊಸ ಐಡಿ ಹಾಕಿ ಮತ್ತೆ ಪೋಸ್ಟ್ ಮಾಡಿದ್ದವು. ಇದು ನಮ್ಮಲ್ಲಿ ರೂಢಿ. ಪೋರ್ಟಲ್‌ನಲ್ಲಿ ಪೋಸ್ಟ್ ಕೆಳಗೆ ಜಾರಬಾರದು ಎಂದು ಪ್ರತಿ ಸೋಮವಾರ ರಿಫ್ರೆಶ್ ಮಾಡಿಸುತ್ತಾರೆ. ಇನ್ನು 11 ಪೈಪ್‌ಲೈನ್. ಅಂದರೆ ಸೀಟೇ ಇಲ್ಲ, ಮುಂದೆ ಬೇಕಾದೀತು ಎಂದು ರೆಸ್ಯೂಮೆ ಕೂಡಿಹಾಕುವ ಪೋಸ್ಟ್. ಸಬ್‌ಮಿಷನ್ ಟಾರ್ಗೆಟ್, ಅಂದರೆ ಇಷ್ಟು ರೆಸ್ಯೂಮೆ ಕಳಿಸಲೇಬೇಕು ಎಂಬ ಗುರಿ, ಇಟ್ಟ ಮೇಲೆ ಇವೆಲ್ಲ ಹುಟ್ಟಿಕೊಳ್ಳದೇ ಇರುತ್ತವೆಯೇ? ಮ್ಯಾನೇಜ್‌ಮೆಂಟ್‌ಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಇಂಥ ಪೋಸ್ಟ್ ನೋಡಿ ಯಾರೋ ಒಬ್ಬರು ಇದ್ದ ಕೆಲಸ ಬಿಡುತ್ತಾರೆ ಎಂಬುದು ಯಾವ ಡ್ಯಾಶ್‌ಬೋರ್ಡ್‌ನಲ್ಲೂ ಕಾಣುವುದಿಲ್ಲ.

ಉಳಿದದ್ದು 32. ಅದರಲ್ಲಿ 23 ಬ್ಯಾಕ್‌ಫಿಲ್. ಒಬ್ಬರು ಬಿಟ್ಟು ಹೋದರು, ಅದೇ ಕುರ್ಚಿಗೆ ಇನ್ನೊಬ್ಬರು ಬೇಕು. ಆ ವರ್ಷ ಜನ ಎಷ್ಟು ಓಡಾಡುತ್ತಿದ್ದರು ಎಂದರೆ, 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನ ಆಟ್ರಿಷನ್, ಅಂದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕೆಲಸ ಬಿಟ್ಟವರ ಪ್ರಮಾಣ, ಶೇ. 28.4 ಇತ್ತು. ಒಬ್ಬ ಕಂಪನಿ ಬದಲಿಸಿದರೆ ಹಿಂದೆ ಒಂದು ಖಾಲಿ ಸೀಟು ಉಳಿಯುತ್ತದೆ. ಅದನ್ನು ತುಂಬಲು ಬಂದವನು ತನ್ನ ಹಿಂದೆ ಇನ್ನೊಂದು ಖಾಲಿ ಬಿಟ್ಟು ಬರುತ್ತಾನೆ. ಕುರ್ಚಿ ಅಷ್ಟೇ ಇರುತ್ತದೆ, ಪೋಸ್ಟ್ ಮಾತ್ರ ಹೆಚ್ಚುತ್ತಾ ಹೋಗುತ್ತದೆ. ಆ 62ರಲ್ಲಿ ನಿಜವಾಗಿ ಹೊಸ ಸೀಟು 9. ಬ್ಯಾಕ್‌ಫಿಲ್ ಸೇರಿಸಿದರೂ ಫ್ರೆಶರ್‌ನನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದವು 2.

ಒಂದು ಡೆಸ್ಕ್‌ನ ಲೆಕ್ಕದಿಂದ ಇಡೀ ಮಾರುಕಟ್ಟೆಯನ್ನು ಅಳೆಯಲಾಗದು, ಒಪ್ಪುತ್ತೇನೆ. ಆದರೆ ಹೊರಗಿನವರೂ ಇದೇ ರೀತಿ ಸೋಸಬಹುದು. ಐವತ್ತು ಪೋಸ್ಟ್ ತೆಗೆದುಕೊಂಡು ಒಂದು ಸಂಜೆ ಕೂತು ಓದಿ. ನಮ್ಮಂಥ ಬೇರೆ ಬೇರೆ ವೆಂಡರ್ ಹೆಸರಿದ್ದೂ ಕೆಲಸದ ವಿವರಣೆಯ, ಅಂದರೆ ಜೆಡಿಯ, ಸಾಲುಗಳು ಅಕ್ಷರಶಃ ಒಂದೇ ಇದ್ದರೆ, ಅದು ಬಹುಮಟ್ಟಿಗೆ ಒಂದೇ ಸೀಟು. ಅನುಭವ ಎಷ್ಟು ಕೇಳಿದ್ದಾರೆ ಎಂಬ ಕಾಲಂ ನೋಡಿ ನಿಮಗೆ ಹೊಂದದ್ದನ್ನು ಹೊಡೆದುಹಾಕಿ. ಉಳಿದದ್ದೇ ನಿಮ್ಮ ಮಾರುಕಟ್ಟೆ.

ಸಂಬಳದ ವಿಷಯದಲ್ಲೂ ನಾನು ನೋಡಿದ್ದು ಮೇಲಿನ ತುದಿಯನ್ನು. ದೊಡ್ಡ ಐಟಿ ಸರ್ವಿಸಸ್ ಕಂಪನಿಗಳಲ್ಲಿ ಸಾಮಾನ್ಯ ಫ್ರೆಶರ್ ಪ್ಯಾಕೇಜ್ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೂರರಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಬಾಡಿಗೆ, ಬಸ್ ಪಾಸ್ ಎಲ್ಲ ಏರಿದರೂ ಅದು ಏರಲಿಲ್ಲ. ಯಾಕೆಂದರೆ ಬಾಗಿಲಲ್ಲಿ ಜನರ ಕೊರತೆ ಯಾವತ್ತೂ ಇರಲಿಲ್ಲ. 2022ರಲ್ಲಿ ಏರಿದ್ದು ನಾಲ್ಕೈದು ವರ್ಷ ಕೆಲಸ ಮಾಡಿದವರ ಸಂಬಳ. ಸ್ಕಿಲ್ ಗ್ಯಾಪ್ ಇದ್ದದ್ದು ಅಲ್ಲಿ. ಕೋರ್ಸ್ ಮಾಡಿ ಬಂದವರು ನಿಲ್ಲುವುದು ಬಾಗಿಲಲ್ಲಿ. ಜೂನಿಯರ್ ಡೇಟಾ ಅನಲಿಸ್ಟ್‌ನ ಆ ಎರಡು ಸೀಟಿಗೆ ನಾನು ಕಳಿಸಿದ ಫ್ರೆಶರ್‌ಗಳ ರಿಜೆಕ್ಟ್ ಫೀಡ್‌ಬ್ಯಾಕ್ ತೆಗೆದು ನೋಡಿದೆ. ಮಾಡೆಲ್ ಗೊತ್ತಿಲ್ಲ ಎಂದು ಯಾರನ್ನೂ ಕೈಬಿಟ್ಟಿರಲಿಲ್ಲ. ಎರಡು ಟೇಬಲ್‌ಗೆ ಜಾಯಿನ್ ಬರೆದು ಡೇಟಾ ಜೋಡಿಸಲು ತಡವರಿಸಿದರು, ಕೊಳೆ ಡೇಟಾ ಕೊಟ್ಟಾಗ ಕೈಚೆಲ್ಲಿದರು ಎಂದಿತ್ತು. ಕೋರ್ಸ್ ಮಾರುವವರು ಹೇಳುವ ಗ್ಯಾಪ್ ಒಂದು, ಇಂಟರ್‌ವ್ಯೂ ಪ್ಯಾನೆಲ್ ಬರೆಯುವ ಗ್ಯಾಪ್ ಇನ್ನೊಂದು.

ಕಾಲದ ಲೆಕ್ಕವೂ ತಪ್ಪಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1970ರ ದಶಕದಲ್ಲೇ ಅಲ್ಲಿನ ಎಂಜಿನಿಯರ್‌ಗಳ ಬಗ್ಗೆ ಇದನ್ನು ತೋರಿಸಿದ್ದರು. ಸಂಬಳ ಏರಿದ ವರ್ಷ ಜಾಸ್ತಿ ಜನ ಕಾಲೇಜು ಸೇರುತ್ತಾರೆ, ಅವರೆಲ್ಲ ಒಟ್ಟಿಗೆ ಹೊರಬಂದಾಗ ಸಂಬಳ ಇಳಿಯುತ್ತದೆ. ಕೋಲಾರದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತು. ಆ ಬೆಲೆ ನೋಡಿ ಸಸಿ ನೆಟ್ಟವರ ಬೆಳೆ ಮಾರುಕಟ್ಟೆಗೆ ಬರುವಷ್ಟರಲ್ಲಿ ದರ ಬಿದ್ದಿತ್ತು. ಒಂಬತ್ತು ತಿಂಗಳ ಕೋರ್ಸ್ ಕೂಡ ಹಾಗೆಯೇ. ನಮ್ಮ ಹುಡುಗನ ಜೊತೆಗೇ ಅದೇ ಪೋಸ್ಟ್ ನೋಡಿ ಸೇರಿದವರು ಆ 1,140ರಲ್ಲಿ ಎಷ್ಟು ಜನ ಇದ್ದರೋ.

2022ರ ಫೆಬ್ರವರಿಯಲ್ಲಿ ಎಷ್ಟೇ ಬುದ್ಧಿವಂತಿಕೆಯಿಂದ ನೋಡಿದ್ದರೂ ಕುಸಿತ ಕಾಣುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆಗ ದೊಡ್ಡ ಕಂಪನಿಗಳು ನಿಜಕ್ಕೂ ಜನರನ್ನು ಸೇರಿಸಿಕೊಳ್ಳುತ್ತಿದ್ದವು. ಆದರೆ ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿ ಏರಿಸತೊಡಗಿತು. ನಮ್ಮ ಕ್ಲೈಂಟ್‌ಗಳ ಗಿರಾಕಿಗಳು ಅಲ್ಲಿಯವರೇ, ಸಾಲ ದುಬಾರಿಯಾದರೆ ಅವರು ಖರ್ಚು ಬಿಗಿ ಮಾಡುತ್ತಾರೆ. 2023ರ ಜನವರಿಯಲ್ಲಿ ಬಂದ ರಿಸಲ್ಟ್‌ನಲ್ಲಿ ಟಿಸಿಎಸ್‌ನ ಒಟ್ಟು ಸಿಬ್ಬಂದಿ ಹಿಂದಿನ ತ್ರೈಮಾಸಿಕಕ್ಕಿಂತ 2,197 ಕಡಿಮೆಯಾಗಿತ್ತು. ಆಗಲೂ ಪೋರ್ಟಲ್ ತುಂಬ ಪೋಸ್ಟ್ ಇದ್ದವು. ಹೆಡ್‌ಕೌಂಟ್ ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಸಿಗುವ ಅಂಕಿ. ಅದನ್ನು ನೋಡಿದ್ದರೆ ಕೋರ್ಸ್ ಮುಗಿಯುವ ಮೊದಲೇ ಅವನಿಗೆ ಫೋನ್ ಮಾಡಿ, ಹಳೆಯ ಕೆಲಸದ ಕಡೆಯೂ ಒಂದು ಕಣ್ಣಿಡು ಎನ್ನಬಹುದಿತ್ತು. ಮಾಡಲಿಲ್ಲ. ಮುಂದಿನ ಹಣಕಾಸು ವರ್ಷದಲ್ಲಿ ಟಿಸಿಎಸ್‌ನಲ್ಲಿ 13,249 ಜನ ಕಡಿಮೆಯಾದರು, ಇನ್ಫೋಸಿಸ್‌ನಲ್ಲಿ ಸುಮಾರು 26 ಸಾವಿರ.

ನನಗೆ ಇವತ್ತಿಗೂ ಜಾಸ್ತಿ ನೋವು ಕೊಡುವುದು ಬೇರೆ. ನನ್ನ ಪಕ್ಕದ ಡೆಸ್ಕ್ ಮ್ಯಾನುಫ್ಯಾಕ್ಚರಿಂಗ್. ಅಲ್ಲಿನ ಸಹೋದ್ಯೋಗಿ ಸಿಎಂಎಂ ಪ್ರೋಗ್ರಾಮರ್ ಸೀಟೊಂದನ್ನು ಹಿಡಿದು ತಿಂಗಳುಗಟ್ಟಲೆ ಗೊಣಗುತ್ತಿದ್ದರು. ಆ ರಿಕ್ವೈರ್‌ಮೆಂಟ್‌ನ ಮೇಲ್ ಸರಣಿಯನ್ನು ಆಮೇಲೆ ಓದಿದೆ. ಮೊದಲು ಐದು ವರ್ಷದ ಅನುಭವ ಕೇಳಿದ್ದರು. ಒಂದು ತಿಂಗಳಾದ ಮೇಲೆ ಮೂರು ಎಂದರು. ಆಮೇಲೆ ನೋಟಿಸ್ ಪೀರಿಯಡ್ ಬೈಔಟ್ ಕೊಡುತ್ತೇವೆ, ಅಂದರೆ ಬೇಗ ಬಿಟ್ಟು ಬರಲು ಹಳೆಯ ಕಂಪನಿಗೆ ಕಟ್ಟಬೇಕಾದ ಹಣ ನಮ್ಮದು ಎಂದರು. ಸಿಎಂಎಂ ನಡೆಸುವ ಸಾಫ್ಟ್‌ವೇರ್ ಪಿಸಿ-ಡಿಮಿಸ್ ಬರದಿದ್ದರೂ ಪರವಾಗಿಲ್ಲ, ಡ್ರಾಯಿಂಗ್ ಓದಿ ಅದರಲ್ಲಿ ಅಳತೆ, ಆಕಾರದ ಮಿತಿ ಹೇಳುವ ಜಿಡಿ ಆಂಡ್ ಟಿ ಗುರುತು ಅರ್ಥವಾದರೆ ಸಾಕು, ನಾವೇ ಕಲಿಸುತ್ತೇವೆ ಎಂದು ಕೊನೆಗೆ ಬರೆದರು. ಅರ್ಜಿ ಬಂದದ್ದು ಹದಿನಾಲ್ಕು.

ಕ್ಲೈಂಟ್ ಹೀಗೆ ಬಗ್ಗುತ್ತಾ ಬಂದರೆ ಅಲ್ಲಿ ನಿಜವಾಗಿಯೂ ಜನ ಸಿಗುತ್ತಿಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ನೇರವಾದ ಸುಳಿವನ್ನು ನಾನು ಕಂಡಿಲ್ಲ. ನನ್ನ ಎರಡು ಸೀಟಿನಲ್ಲಿ ಕ್ಲೈಂಟ್ ಪಾಸ್‌ಔಟ್ ವರ್ಷವನ್ನೂ ಸಡಿಲ ಮಾಡಲಿಲ್ಲ. ಹೊರಗಿನವರಿಗೆ ಮೇಲ್ ಕಾಣುವುದಿಲ್ಲ ನಿಜ, ಪೋಸ್ಟ್ ಕಾಣುತ್ತದೆ. ಇಷ್ಟವಾದ ಕ್ಷೇತ್ರದ ಹತ್ತು ಪೋಸ್ಟ್ ಬರೆದಿಟ್ಟುಕೊಂಡು ಮೂರು ವಾರ ಬಿಟ್ಟು ಮತ್ತೆ ನೋಡಿ. ಸುಮ್ನೆ ದಿನಾಂಕ ಬದಲಾಗಿದ್ದರೆ ಅದು ರಿಫ್ರೆಶ್. ಕೇಳಿದ ಅನುಭವ ಇಳಿದು, ಸಂಬಳ ಏರಿ, ತರಬೇತಿ ಕೊಡುತ್ತೇವೆ ಎಂಬ ಸಾಲು ಹೊಸದಾಗಿ ಸೇರಿದ್ದರೆ ಆ ಕಂಪನಿಗೆ ನಿಜಕ್ಕೂ ಜನ ಬೇಕು. ಈ ಕ್ಷೇತ್ರಕ್ಕೂ ಮಿತಿ ಇದೆ. ಸಂಬಳ ನಿಧಾನವಾಗಿ ಏರುತ್ತದೆ, ಶಿಫ್ಟ್ ಇರುತ್ತದೆ, ಸೀಟುಗಳ ಸಂಖ್ಯೆಯೂ ಕಡಿಮೆ. ಸಾವಿರ ಜನ ನುಗ್ಗಿದರೆ ಇಲ್ಲೂ ಅದೇ ಗತಿ.

ಆ ಸಂಜೆ ಫೋನ್‌ನಲ್ಲಿ ಅವನಿಗೆ ನಿಜ ಹೇಳಿದೆ. ಫಿಲ್ಟರ್‌ನಲ್ಲಿ ಹೋಯಿತು, ಹಾಕಿದ್ದು ನಾನೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು “ಸರಿ ಅಣ್ಣ” ಎಂದು ಇಟ್ಟ. ಎರಡು ವಾರದ ನಂತರ, ಆ ಮೇಲ್‌ಗಳನ್ನೆಲ್ಲ ಓದಿದ ಮೇಲೆ, ನಾನೇ ಕರೆ ಮಾಡಿದೆ. ಸಿಎಂಎಂ ಸೀಟಿನ ವಿಷಯ, ನಡುವೆ ಕೆಲಸವಿಲ್ಲದ ಗ್ಯಾಪ್ ಇದ್ದರೂ ನೋಡುತ್ತೇವೆ ಎಂದು ಕ್ಲೈಂಟ್ ಒಪ್ಪಿದ್ದು, ಎಲ್ಲ ಹೇಳಿದೆ. ಸಂಬಳ ಎಷ್ಟು ಎಂದು ಕೇಳುತ್ತಾನೆ ಅಂದುಕೊಂಡಿದ್ದೆ.

“ಎಷ್ಟು ದಿನದಿಂದ ಖಾಲಿ ಇದೆ ಅಣ್ಣ?” ಎಂದ.

ಟ್ರ್ಯಾಕರ್ ನೋಡಿ ಹೇಳಿದೆ. ಎಂಬತ್ತಾರು ದಿನ.

“ಹಾಗಾದರೆ ಕಳಿಸಿ,” ಎಂದ.